ಎಲ್ಬೋ ನೋಡಿ ಪೈಪ್ ಕ್ಲಾಸ್ ಹೇಳಿ ಸಿಕ್ಕಿಹಾಕಿಕೊಂಡಿದ್ದು

ತುಮಕೂರಿನಲ್ಲಿ ಪ್ಲಂಬಿಂಗ್ ಸಾಮಾನಿನ ಅಂಗಡಿಯ ಕೌಂಟರ್‌ನಲ್ಲಿ ನಿಂತು ಒಂಬತ್ತು ವರ್ಷ ಆಯ್ತು. ಮೊದಲೆಲ್ಲ ಪ್ಲಂಬರ್‌ಗಳು ಒಡೆದ ತುಂಡನ್ನೇ ಹಿಡಿದುಕೊಂಡು ಬರುತ್ತಿದ್ದರು. ಈಗ ವಾಟ್ಸಾಪ್‌ನಲ್ಲಿ ಫೋಟೋ ಬರುತ್ತೆ, ಕೆಳಗೆ ಒಂದು ಸಾಲು: "ಅಣ್ಣಾ, ಇದೇ ಮಾಲು ನಾಲ್ಕು ಲೆಂತ್ ಕಳಿಸಿ." ಫೋಟೋದಲ್ಲಿ ಅರ್ಧ ಗೋಡೆ, ಸಿಮೆಂಟ್ ಮೆತ್ತಿದ ಎಲ್ಬೋ, ಪ್ಲಂಬರ್‌ನ ಹೆಬ್ಬೆರಳು. ಅದರಲ್ಲೇ ಕಂಪನಿ ಯಾವುದು, ಕ್ಲಾಸ್ ಯಾವುದು ಅಂತ ನಾವು ಕಂಡುಹಿಡಿಯಬೇಕು.

ಎರಡು ವರ್ಷದ ಹಿಂದೆ ಹೀಗೇ ಒಂದು ಫೋಟೋ ಬಂತು. ಹಳೇ ಮನೆ, ಬಿಸಿನೀರಿಗೂ ಹಾಕುವ ಸಿಪಿವಿಸಿ ಪ್ಲಾಸ್ಟಿಕ್ ಪೈಪಿನ ಲೈನು. ಓನರ್ ಹೊಸದಾಗಿ ಪ್ರೆಷರ್ ಪಂಪ್ ಹಾಕಿಸ್ತಿದಾರೆ, ಈ ಪೈಪು ತಡೆಯುತ್ತಾ ಅಂತ ಪ್ಲಂಬರ್ ಕೇಳಿದ. ಎಲ್ಬೋ ಮೇಲೆ ಉಬ್ಬಕ್ಷರದಲ್ಲಿ ಕ್ಲಾಸ್ ಹೇಳುವ ಎಸ್‌ಡಿಆರ್ ಸಂಖ್ಯೆ 11 ಅಂತ ಚೆನ್ನಾಗಿ ಕಾಣ್ತಿತ್ತು. "ಎಸ್‌ಡಿಆರ್ 11 ಇದೆ, ಧೈರ್ಯವಾಗಿ ಹಾಕಪ್ಪ" ಅಂದೆ. ನಾಲ್ಕು ತಿಂಗಳಿಗೆ ಗೀಸರ್‌ನಿಂದ ಹೊರಬರುವ ಬಿಸಿನೀರಿನ ಪೈಪು ಉದ್ದಕ್ಕೆ ಸೀಳಿಕೊಂಡಿತು. ಎಲ್ಬೋಗೆ ಏನೂ ಆಗಿರಲಿಲ್ಲ.

ಸೀಳಿದ ತುಂಡನ್ನು ಪ್ಲಂಬರ್ ತಂದು ಕೌಂಟರ್ ಮೇಲೆ ಇಟ್ಟ, ಮಾತಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಸಿಮೆಂಟ್ ಒರೆಸಿ ನೋಡಿದರೆ ಪ್ರಿಂಟ್ ಇನ್ನೂ ಇತ್ತು:

```
3/4" CPVC SDR 13.5 IS 15778 CM/L-
```

ಮುಂದಿನ ನಂಬರು ಅಳಿಸಿಹೋಗಿತ್ತು. ಆಮೇಲೆ ಫೋನಿನಲ್ಲಿ ಆ ಹಳೇ ಫೋಟೋ ತೆಗೆದು ದೊಡ್ಡದು ಮಾಡಿದೆ. ಎಲ್ಬೋ ಪಕ್ಕ, ಹೆಬ್ಬೆರಳಿನ ಅಂಚಿನಲ್ಲಿ, ಪೈಪಿನ ಮೇಲೆ "13" ಅನ್ನೋ ಎರಡು ಅಂಕಿ ಮಸುಕಾಗಿ ಇತ್ತು. ಅಲ್ಲೇ ಇತ್ತು, ನಾನೇ ನೋಡಿರಲಿಲ್ಲ.

ಎಡವಟ್ಟು ಆಗೋದು ಇಲ್ಲೇ. ಎಸ್‌ಡಿಆರ್ 11 ಪೈಪು, ಎಸ್‌ಡಿಆರ್ 13.5 ಪೈಪು ಎರಡರದ್ದೂ ಹೊರಗಿನ ಅಳತೆ ಒಂದೇ. ಮುಕ್ಕಾಲು ಇಂಚಿಗೆ 22.2 ಮಿಲಿಮೀಟರ್. ಅದಕ್ಕೇ ಎರಡೂ ಒಂದೇ ಎಲ್ಬೋದಲ್ಲಿ ಸಲೀಸಾಗಿ ಕೂರುತ್ತವೆ. ವ್ಯತ್ಯಾಸ ಇರೋದು ಗೋಡೆಯ ದಪ್ಪದಲ್ಲಿ ಮಾತ್ರ. ಹೊರಗಿನ ಅಳತೆಯನ್ನು ದಪ್ಪದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎಸ್‌ಡಿಆರ್, ಹಾಗಾಗಿ ಸಂಖ್ಯೆ ಜಾಸ್ತಿ ಆದಷ್ಟೂ ಪೈಪು ತೆಳು. ದೊಡ್ಡ ಸಂಖ್ಯೆ ಅಂದ್ರೆ ಗಟ್ಟಿ ಅಂದ್ಕೊಂಡು 13.5 ಕೇಳುವ ಗಿರಾಕಿಗಳು ಈಗಲೂ ಬರ್ತಾರೆ. 22.2 ÷ 11 ಮಾಡಿದರೆ ದಪ್ಪ 2 ಮಿಲಿಮೀಟರ್ ಬರುತ್ತೆ, 22.2 ÷ 13.5 ಮಾಡಿದರೆ 1.65ರ ಹತ್ತಿರ. ಎಲ್ಬೋ ಮೇಲಿನ 11 ಎಲ್ಬೋದ ವಿಷಯ ಹೇಳುತ್ತೆ ಅಷ್ಟೇ, ಒಳಗೆ ಕೂತಿರುವ ಪೈಪಿನ ವಿಷಯ ಅಲ್ಲ.

ತಣ್ಣೀರಿಗೆ ಎರಡೂ ಧಾರಾಳ ಸಾಕು: 23 ಡಿಗ್ರಿಯಲ್ಲಿ ಎಸ್‌ಡಿಆರ್ 11ಕ್ಕೆ ಚದರ ಸೆಂಟಿಮೀಟರಿಗೆ 28.1 ಕೆಜಿ, 13.5ಕ್ಕೆ 22.5 ಕೆಜಿ ಒತ್ತಡದ ರೇಟಿಂಗ್. ಆದರೆ 82 ಡಿಗ್ರಿಗೆ ಹೋದರೆ ಅದೇ ಪೈಪುಗಳು 7 ಕೆಜಿ ಮತ್ತು 5.6 ಕೆಜಿಗೆ ಇಳಿಯುತ್ತವೆ, ಅಂದರೆ ಕಾಲು ಭಾಗ. ಆ ಮನೆಯಲ್ಲಿ ಪಂಪಿನ ಜೊತೆ ನಾನ್ ರಿಟರ್ನ್ ವಾಲ್ವ್ ಹಾಕಿದ್ದರು. ಮೊದಲು ಗೀಸರ್‌ನಲ್ಲಿ ನೀರು ಕಾದು ಹಿಗ್ಗಿದರೆ ಹಿಂದಕ್ಕೆ ತಳ್ಳಿಕೊಂಡು ಓವರ್‌ಹೆಡ್ ಟ್ಯಾಂಕ್ ಕಡೆ ಹೋಗ್ತಿತ್ತು, ಈಗ ಆ ದಾರಿ ಬಂದ್. ಗೀಸರಿನ ಸೇಫ್ಟಿ ವಾಲ್ವ್ 8 ಕೆಜಿ ಸುಮಾರಿಗೆ ಬಿಡುವಂಥದ್ದು, ಅಷ್ಟರವರೆಗೆ ಒತ್ತಡ ಏರಬಹುದು. ಈ ರೇಟಿಂಗ್‌ಗಳನ್ನು ಸುರಕ್ಷತೆಗೆ ಅಂತ ಅರ್ಧದಷ್ಟು ಉಳಿಸಿಕೊಂಡೇ ಬರೆದಿರ್ತಾರೆ, ಅದಕ್ಕೇ ಪೈಪು ಮೊದಲ ದಿನವೇ ಒಡೆಯಲಿಲ್ಲ, ದಿನಾ ಬೆಳಗ್ಗೆ ಸ್ವಲ್ಪ ಸ್ವಲ್ಪ ಸೋತು ನಾಲ್ಕನೇ ತಿಂಗಳು ಬಾಯಿ ಬಿಟ್ಟಿತು. ನಿಜ ಹೇಳಬೇಕಂದ್ರೆ ಪೈಪಿನ ಕ್ಲಾಸ್ ಒಂದೇ ಕಾರಣ ಅಲ್ಲ, ಎಸ್‌ಡಿಆರ್ 11 ಇದ್ದಿದ್ದರೂ ಆ ವಾಲ್ವ್ ವಿಷಯ ಸರಿ ಮಾಡಲೇಬೇಕಿತ್ತು. ಆದರೆ ನಾನು ಧೈರ್ಯ ಹೇಳಿದ್ದು ಇಲ್ಲದ ಪೈಪಿಗೆ.

ಈಗ ಫೋಟೋ ಬಂದರೆ ಮೊದಲು ಫಿಟಿಂಗ್ ಬಿಟ್ಟು ಪೈಪ್ ಮೇಲೆ ಕಣ್ಣು ಹಾಕ್ತೀನಿ. ಪ್ರಿಂಟ್ ಪೈಪಿನ ಒಂದೇ ಪಕ್ಕದಲ್ಲಿ ಉದ್ದಕ್ಕೆ ಓಡುತ್ತೆ, ಬಹಳ ಸಲ ಅದು ಗೋಡೆ ಕಡೆಗೇ ತಿರುಗಿರುತ್ತೆ. ಹಾಗಿದ್ದರೆ ಪೈಪಿನ ಹಿಂದೆ ಫೋನ್ ತೂರಿಸಿ ಸೆಲ್ಫಿ ಕ್ಯಾಮೆರಾದಲ್ಲಿ ತೆಗಿ ಅಂತ ಹೇಳ್ತೀನಿ. ಒಂದೇ ಫೋಟೋದಲ್ಲಿ ಪೂರ್ತಿ ಸಾಲು ಬರಲ್ಲ, ಮೂರು ಫೋಟೋ ಬೇಕು, ಒಂದರ ಕೊನೆ ಇನ್ನೊಂದರ ಶುರುವಿನಲ್ಲಿ ಇರಬೇಕು. ಎಲ್ಬೋ, ಟೀ ಮೇಲಿನ ಉಬ್ಬಕ್ಷರಕ್ಕೆ ಫ್ಲಾಶ್ ನೇರ ಹೊಡೆದರೆ ಎಲ್ಲಾ ಬಿಳಿ ಆಗಿ ಏನೂ ಕಾಣಲ್ಲ. ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿಯಬೇಕು, ನೆರಳು ಬಿದ್ದಾಗಲೇ ಅಕ್ಷರ ಏಳೋದು.

ಕಂಪನಿ ಹೆಸರು ಅಳಿಸಿದ್ದರೂ ಐಎಸ್‌ಐ ಗುರುತು ಕೈ ಹಿಡಿಯುತ್ತೆ. ಮಾರ್ಕಿನ ಮೇಲೆ ಐಎಸ್ ನಂಬರು, ಕೆಳಗೆ ಸಿಎಂ ಬಾರ್ ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಲೈಸೆನ್ಸು, ಯಾವ ಮಾಲಿಗೆ, ಚಾಲ್ತಿ ಇದೆಯಾ ಅಂತ ಬರುತ್ತೆ. ಮಸುಕು ಫೋಟೋದಲ್ಲಿ 3 ಯಾವುದು 8 ಯಾವುದು ಗೊತ್ತಾಗದೇ ತಪ್ಪು ಹಾಕಿದರೆ ಸಂಬಂಧವೇ ಇಲ್ಲದ ಮಾಲು ತೋರಿಸಬಹುದು. ಅದೂ ಒಳ್ಳೇದೇ, ಐಎಸ್ 15778 ಬರಲಿಲ್ಲ ಅಂದ್ರೆ ಅಂಕಿ ತಪ್ಪು ಓದಿದೀವಿ ಅಂತ ಅಲ್ಲೇ ಗೊತ್ತಾಗುತ್ತೆ. ಇನ್ನೊಂದು, ಫ್ಲೋಗಾರ್ಡ್ ಅಂತ ಪೈಪಿನ ಮೇಲೆ ಇದ್ದರೆ ಅದು ಸಿಪಿವಿಸಿ ಕಂಪೌಂಡಿನ ಹೆಸರು, ಪೈಪ್ ಮಾಡಿದ ಕಂಪನಿಯ ಹೆಸರು ಬೇರೆ ಕಡೆ ಹುಡುಕಬೇಕು. ಒಂದೇ ಲೈನಿನಲ್ಲಿ ಎಲ್ಬೋ ಒಂದು ಕಂಪನಿದು, ಪೈಪ್ ಇನ್ನೊಂದರದು ಇರೋದೂ ಮಾಮೂಲು.

ಪ್ರಿಂಟೇ ಇಲ್ಲದಿದ್ದರೆ? ತುಂಡಿನ ಕತ್ತರಿಸಿದ ಬಾಯಿಯನ್ನು ನೇರ ಎದುರಿನಿಂದ ಫೋಟೋ ತೆಗೆಸ್ತೀನಿ. ಎಸ್‌ಡಿಆರ್ ಅನ್ನೋದು ಬರೀ ಅನುಪಾತ ಅಲ್ವಾ, ಪಕ್ಕದಲ್ಲಿ ಟೇಪು ಇರಲೇಬೇಕಂತಿಲ್ಲ. ಹೋದ ವಾರ ಒಂದು ಫೋಟೋವನ್ನು ಕಂಪ್ಯೂಟರ್ ಪರದೆ ಮೇಲೆ ದೊಡ್ಡದು ಮಾಡಿ ಸ್ಕೇಲ್ ಇಟ್ಟೆ: ಹೊರಗಿನ ಅಗಲ 132 ಮಿಲಿಮೀಟರ್, ಗೋಡೆ 10. ಭಾಗಿಸಿದರೆ 13.2, ಅಂದರೆ 13.5ರ ಪೈಪು. ಗೋಡೆ 12 ಬಂದಿದ್ದರೆ 11ರದು. ಕ್ಯಾಮೆರಾ ತೀರಾ ಹತ್ತಿರ ಹಿಡಿದರೆ ಒಳಗಿನ ಗೋಡೆಯೂ ಕಂಡು ದಪ್ಪ ಜಾಸ್ತಿ ಅನ್ನಿಸುತ್ತೆ, ಒಂದೂವರೆ ಅಡಿ ದೂರ ನಿಂತು ಝೂಮ್ ಮಾಡಬೇಕು, ಹ್ಯಾಕ್ಸಾದ ಸಿಬಿರನ್ನು ಬ್ಲೇಡಿನಲ್ಲಿ ಕೆರೆದಿರಬೇಕು. ಕಂಪನಿಗಳು ಕನಿಷ್ಠ ದಪ್ಪಕ್ಕಿಂತ ಕೊಂಚ ಜಾಸ್ತಿಯೇ ಇಡೋದರಿಂದ ಲೆಕ್ಕ ಯಾವಾಗಲೂ ಸ್ವಲ್ಪ ಕಡಿಮೆ ಬರುತ್ತೆ. ಭಾಗಿಸಿದ ಉತ್ತರವೇ 12ರ ಹತ್ತಿರ ಬಂದರೆ ನಾನು ಏನೂ ಹೇಳಲ್ಲ, ತುಂಡು ತಾ, ವರ್ನಿಯರ್ ಇಟ್ಟು ನೋಡೋಣ ಅಂತೀನಿ.

ಸೈಜಿಗೆ ಮಾತ್ರ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿಸ್ತೀನಿ, ಅದರ ಅಗಲ 27 ಮಿಲಿಮೀಟರ್. ಮುಕ್ಕಾಲು ಇಂಚಿನ ಸಿಪಿವಿಸಿ ನಾಣ್ಯಕ್ಕಿಂತ ಸಣ್ಣದು, ಒಂದು ಇಂಚಿನದು 28.6 ಇರೋದರಿಂದ ಚೂರು ದೊಡ್ಡದು. ಮುಕ್ಕಾಲು ಇಂಚಿನ ಬಿಳಿ ಯುಪಿವಿಸಿ ಶೆಡ್ಯೂಲ್ ಪೈಪು 26.7, ನಾಣ್ಯ ಇಟ್ಟರೆ ಮುಚ್ಚಳದ ಹಾಗೆ ಕೂರುತ್ತೆ.

ಆ ಮನೆಗೆ ಗೀಸರಿಂದ ಬಾತ್‌ರೂಮಿನವರೆಗೆ ಎಸ್‌ಡಿಆರ್ 11 ಹಾಕಿಸಿದ್ವಿ, ಮಾಲಿನ ದುಡ್ಡು ತಗೊಳ್ಳಲಿಲ್ಲ. ಪಂಪಿನ ಪ್ರೆಷರ್ ಇಳಿಸಿ, ಗೀಸರ್ ಲೈನಿಗೆ ಒಂದು ಸಣ್ಣ ಎಕ್ಸ್‌ಪಾನ್ಷನ್ ಟ್ಯಾಂಕ್ ಕೂರಿಸಿದರು. ಪ್ಲಂಬರ್ ಈಗಲೂ ನಮ್ಮಲ್ಲೇ ಮಾಲು ತಗೋತಾನೆ. ಫೋಟೋ ಕಳಿಸುವಾಗ ಮಾತ್ರ ಎಲ್ಬೋಗೆ ಬೇಕಂತಲೇ ಕೈ ಅಡ್ಡ ಇಟ್ಟು ಕಳಿಸ್ತಾನೆ.