ಮೂರೋ ಎಂಟೋ: ಒಂದು ಕ್ರೀಮ್ ಡಬ್ಬಿಯ ತಳದಲ್ಲಿ ಕಳೆದ ಹನ್ನೊಂದು ದಿನ

ಅದು ಮೂರು. ಎಂಟಲ್ಲ, ಆರಂತೂ ಅಲ್ಲವೇ ಅಲ್ಲ. ಈ ಒಂದು ವಾಕ್ಯ ಬರೆಯಲು ನನಗೆ ಹನ್ನೊಂದು ದಿನ ಬೇಕಾಯಿತು. ಮನೆಯವರು ಈಗ ಯಾವ ಡಬ್ಬಿಯನ್ನೂ ನನ್ನ ಕೈಗೆ ಸಿಗುವ ಕಡೆ ಇಡುತ್ತಿಲ್ಲ.

ಪರಿಚಯದ ಸಂಗ್ರಾಹಕಿಯೊಬ್ಬರು ಎರಡು ಫೋಟೊ ಕಳಿಸಿದ್ದರು. ಒಂದರಲ್ಲಿ ಹಾಲುಬಿಳುಪಿನ ಗಾಜಿನ ಕ್ರೀಮ್ ಡಬ್ಬಿಯ ತಳ, ಇನ್ನೊಂದರಲ್ಲಿ ಅದರ ರಟ್ಟಿನ ಪೆಟ್ಟಿಗೆಯ ಪಕ್ಕದ ಮಗ್ಗುಲು. ಹಗಲು ಹಚ್ಚುವ ಮುಖದ ಕ್ರೀಮ್, ಐರೋಪ್ಯ ಒಕ್ಕೂಟದ ಒಳಗಿನ ವಿಳಾಸ, ತೆರೆದ ಡಬ್ಬಿಯ ಚಿತ್ರದೊಳಗೆ 12M. ಅವರ ಪ್ರಶ್ನೆ ಸರಳವಾಗಿತ್ತು: “ಇದು 2012ರ ಮಾರ್ಚ್ ತಿಂಗಳದ್ದು ತಾನೇ?”

ಡಬ್ಬಿಗಳ ಹುಟ್ಟಿದ ದಿನ ಹುಡುಕುವ ಹವ್ಯಾಸದ ನಮ್ಮಲ್ಲಿ ಹಳಬರಾದವರು ನಕ್ಕಿರಬಹುದು. ಆದರೆ ಆ ಚಿತ್ರ ಅಂಥ ಊಹೆಗೆ ಆಸ್ಪದ ಕೊಡುತ್ತದೆ ಎಂಬುದೂ ನಿಜ. 12M ಎಂದರೆ ತೆರೆದ ಮೇಲೆ ಹನ್ನೆರಡು ತಿಂಗಳು, ಅಷ್ಟೇ. ಡಬ್ಬಿ ಯಾವಾಗ ಹುಟ್ಟಿತು ಎಂಬ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಓರೆಯಾಗಿ ಮಾತ್ರ ಒಂದು ಸುಳಿವು ಕೊಡುತ್ತದೆ. ತೆರೆಯದೆ ಇಟ್ಟರೆ ಮೂವತ್ತು ತಿಂಗಳಿಗಿಂತ ಹೆಚ್ಚು ಕೆಡದೆ ಉಳಿಯುವ ಸರಕಿಗೆ ಐರೋಪ್ಯ ನಿಯಮದಲ್ಲಿ ಈ ಚಿತ್ರ ಸಾಕು. ಅದಕ್ಕಿಂತ ಬೇಗ ಕೆಡುವ ಸರಕಾದರೆ ‘ಈ ದಿನಾಂಕದೊಳಗೆ ಬಳಸಿ’ ಎಂಬ ಬರಹವೋ ಮರಳು ಗಡಿಯಾರದ ಚಿತ್ರವೋ ಇರಲೇಬೇಕು. ಇಲ್ಲಿ ಎರಡೂ ಇರಲಿಲ್ಲ. ಅಂದರೆ ತಯಾರಕರು ದಿನಾಂಕ ಮುದ್ರಿಸುವ ಹೊಣೆಯಿಂದ ನಯವಾಗಿ ಜಾರಿಕೊಂಡಿದ್ದಾರೆ. ಉಳಿದದ್ದು ಯಾವ ಕಂತಿನಲ್ಲಿ ತಯಾರಾದದ್ದು ಎಂದು ಗುರುತಿಸುವ ಬ್ಯಾಚ್ ಕೋಡ್ ಒಂದೇ.

ಮೊದಲ ದಿನವನ್ನು ನಾನೇ ಹಾಳು ಮಾಡಿಕೊಂಡೆ. ಗಾಜಿನ ತಳದಲ್ಲಿ ಉಬ್ಬಿ ಕಾಣುತ್ತಿದ್ದ 27 ಎಂಬ ಅಂಕಿಯನ್ನು ಹಿಡಿದು ಸಂಜೆಯವರೆಗೂ ಕುಳಿತೆ. ಗಾಜಿನಲ್ಲೇ ಮೂಡಿದ ಅಂಕಿ ಗಾಜು ಮಾಡಿದವರದು, ಯಾವ ಅಚ್ಚಿನಿಂದ ಬಂದ ಡಬ್ಬಿ ಎಂಬುದರ ಗುರುತು. ಅದೇ ಅಚ್ಚು ವರ್ಷಗಟ್ಟಲೆ ಅದೇ 27ನ್ನು ಉಗುಳುತ್ತಿರುತ್ತದೆ. ಇದನ್ನು ಇನ್ನೊಬ್ಬರಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ನಿಜವಾದ ಕೋಡ್ ಅದರ ಪಕ್ಕದಲ್ಲೇ ಬೂದುಬಣ್ಣದ ಚುಕ್ಕಿಗಳಲ್ಲಿ ಮಸಿಯಂತ್ರ ಉಗುಳಿದ್ದಾಗಿತ್ತು: ಮೊದಲು L, ಆಮೇಲೆ ದೀಪದ ಹೊಳಪಿನಲ್ಲಿ ಅರ್ಧ ಮುಳುಗಿದ ಒಂದು ಅಂಕಿ, ಆಮೇಲೆ ?27, ಕೊನೆಗೆ B.

ಪ್ರಶ್ನಾರ್ಥಕ ಹಾಕಿದ ಅಂಕಿ ಸುಲಭವಾಗಿ ಬಿತ್ತು. ಅದು ಒಂದು ಅಥವಾ ಏಳು. ವರ್ಷದ ಕೊನೆಯ ಅಂಕಿ, ಅದರ ಹಿಂದೆ ವರ್ಷದ ಎಷ್ಟನೆಯ ದಿನ ಎಂಬ ಮೂರಂಕಿ: ಈ ಕ್ರಮ ನಮಗೆಲ್ಲ ಅಂಗೈ ನೆಲ್ಲಿ. ವರ್ಷದಲ್ಲಿ 727ನೆಯ ದಿನವಿಲ್ಲವಾದ್ದರಿಂದ 127. ಜನವರಿಯಿಂದ ಏಪ್ರಿಲ್ ಮುಗಿಯುವಷ್ಟರಲ್ಲಿ 120 ದಿನ. ಹಾಗಾಗಿ ಮೇ 7, ಅಧಿಕ ವರ್ಷವಾದರೆ ಮೇ 6. ಬೇರೆ ಕ್ರಮದ ಕೋಡ್ ಆಗಿದ್ದರೆ ಎಂಬ ಅನುಮಾನ ನನಗೂ ಇತ್ತು. ಅದೇ ತಯಾರಕರ ಇನ್ನೂ ಆರು ಡಬ್ಬಿಗಳ ಕೋಡುಗಳನ್ನು ನೋಡಿದೆ. ಒಂದರಲ್ಲೂ ಕೊನೆಯ ಮೂರಂಕಿ 366 ದಾಟಿರಲಿಲ್ಲ. ತಿಂಗಳಿಗೆ ಒಂದಕ್ಷರ ಕೊಡುವ ಕ್ರಮವಾಗಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕೂರುತ್ತಿರಲಿಲ್ಲ.

ಇನ್ನು ಆ ಮುಳುಗಿದ ಅಂಕಿ. ಎಲ್ಲ ಕಷ್ಟ ಅಲ್ಲಿತ್ತು.

ಈ ಮಸಿಯಂತ್ರಗಳು ಸಾಮಾನ್ಯವಾಗಿ ಒಂದು ಅಂಕಿಯನ್ನು ಅಡ್ಡಕ್ಕೆ ಐದು, ಉದ್ದಕ್ಕೆ ಏಳು ಚುಕ್ಕಿಗಳ ಚೌಕದಲ್ಲಿ ಬರೆಯುತ್ತವೆ. ಪಕ್ಕದ ಅಂಕಿ ‘1’ ಎಂದು ಈಗ ಖಚಿತವಾಗಿದ್ದುದರಿಂದ ಅದರ ಏಳು ಚುಕ್ಕಿಗಳ ಅಂತರ ಅಳೆದೆ. ಅದೇ ಅಂತರದ ಒಂದು ಜಾಲರಿ ಮಾಡಿ ಮುಳುಗಿದ ಅಂಕಿಯ ಮೇಲೆ ಇಟ್ಟೆ. ಸಾಲು ಓಡುತ್ತಿರುವಾಗಲೇ ಯಂತ್ರ ಬರೆಯುವುದರಿಂದ ಅಕ್ಷರಗಳು ಸ್ವಲ್ಪ ವಾಲಿರುತ್ತವೆ, ಆದ್ದರಿಂದ ಜಾಲರಿಯನ್ನೂ ಅಷ್ಟೇ ವಾಲಿಸಬೇಕು. ಇದನ್ನು ಮರೆತು ಮೊದಲ ರಾತ್ರಿ ‘9’ ಎಂದು ಸಾಧಿಸಿ ಹೆಮ್ಮೆಪಟ್ಟಿದ್ದೆ.

ಮೂರು, ಆರು, ಎಂಟು ಈ ಚೌಕದಲ್ಲಿ ಹೀಗೆ ಬೀಳುತ್ತವೆ:

```
 3       6       8
.###.   ..##.   .###.
#...#   .#...   #...#
....#   #....   #...#
..##.   ####.   .###.
....#   #...#   #...#
#...#   #...#   #...#
.###.   .###.   .###.
```

ಬಲಗಡೆಯ ಕಂಬದ ಎರಡನೆಯ, ಮೂರನೆಯ ಸಾಲು ನೋಡಿ. ಆರರಲ್ಲಿ ಅಲ್ಲಿ ಏನೂ ಇಲ್ಲ. ಫೋಟೊದಲ್ಲಿ ಎರಡು ಚುಕ್ಕಿಗಳೂ ಇದ್ದವು. ಆರು ಹೋಯಿತು. ಮೂರಕ್ಕೂ ಎಂಟಕ್ಕೂ ಇರುವ ವ್ಯತ್ಯಾಸವೆಲ್ಲ ಎಡಗಂಬದ ಮೂರನೆಯ ಮತ್ತು ಐದನೆಯ ಸಾಲು, ನಡುಸಾಲಿನ ಎಡಭಾಗದ ಒಂದು ಚುಕ್ಕಿ. ಮೂರೇ ಚುಕ್ಕಿಗಳು. ದೀಪದ ಹೊಳಪು ಕೂತಿದ್ದುದು ಸರಿಯಾಗಿ ಅವುಗಳ ಮೇಲೆ. ಬಣ್ಣಗಳನ್ನು ಬೇರ್ಪಡಿಸಿ ನೀಲಿ ಪದರವನ್ನಷ್ಟೇ ಎಳೆದು ನೋಡಿದೆ, ಕಪ್ಪು ಬಿಳುಪಿನ ಅಂತರ ಹಿಗ್ಗಿಸಿ ನೋಡಿದೆ. ಪೂರ್ತಿ ಬಿಳಿಯಾಗಿ ಸುಟ್ಟುಹೋದ ಜಾಗದಲ್ಲಿ ಎಳೆಯಲು ಏನೂ ಉಳಿದಿರುವುದಿಲ್ಲ ಎಂದು ಒಪ್ಪಿಕೊಳ್ಳಲು ಇನ್ನೆರಡು ದಿನ ಹಿಡಿಯಿತು.

ಮತ್ತೊಂದು ಫೋಟೊ ಕೇಳಿದೆ: ದೀಪ ಪಕ್ಕದಿಂದ ಬೀಳಲಿ, ಧೂಳಿದ್ದರೆ ಒಣಬಟ್ಟೆಯಿಂದ ಒರೆಸಿ. ಬಂದ ಉತ್ತರ: “ಚೆನ್ನಾಗಿ ಕಾಣಲಿ ಎಂದು ಸ್ಪಿರಿಟ್ ಹಾಕಿ ಒರೆಸಿದೆ, ಈಗ ಎಲ್ಲ ಸ್ವಚ್ಛವಾಗಿದೆ.” ಹೌದು, ಎಲ್ಲವೂ ಸ್ವಚ್ಛವಾಗಿತ್ತು. ಗಾಜಿನ ಮೇಲೆ ಒಣಗಿ ಕೂತ ಈ ಮಸಿ ನೀರಿಗೆ ಜಗ್ಗದಿರಬಹುದು, ಸ್ಪಿರಿಟ್ಟಿಗೆ ಮಾತ್ರ ಕರಗಿಬಿಡುತ್ತದೆ. ಹೊಸ ಫೋಟೊದಲ್ಲಿ ಉಳಿದಿದ್ದುದು ನನ್ನ ಹಳೆಯ ಮಿತ್ರ 27 ಮಾತ್ರ. ಅದೇ ದಿನ ನಾನು ತರಿಸಿದ್ದ ಮೊಬೈಲಿಗೆ ಸಿಕ್ಕಿಸುವ ಮಸೂರವೂ ಬಂತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದಿದ್ದರು. ತೋರಿಸಿದ್ದು ಮಸೂರದ ಮೇಲಿನ ಗೀರನ್ನು. ಕಳಿಸಿದವರಿಗೆ ದೂರು ಬರೆದರೆ, ಗೀರಿನ ಸ್ಪಷ್ಟವಾದ ಫೋಟೊ ಬೇಕಂತೆ.

ಈ ನಡುವೆ ಕೋಡ್ ಬಿಡಿಸುವ ಒಂದು ಜಾಲತಾಣಕ್ಕೂ ಹೋದೆ. L3127B ಎಂದು ಕೊಟ್ಟರೆ 2023 ಎಂದಿತು, L8127B ಎಂದರೆ 2018. ಒಂದೇ ಅಂಕಿಯ ವರ್ಷ ಹತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಇಂಥ ಲೆಕ್ಕಯಂತ್ರ ಕಣ್ಣುಮುಚ್ಚಿ ಹತ್ತಿರದ ದಶಕವನ್ನು ಆರಿಸುತ್ತದೆ. ಪರೀಕ್ಷೆಗೆಂದು ಪೆಟ್ಟಿಗೆಯ ಬಾರ್‌ಕೋಡಿನ ಮೊದಲ ನಾಲ್ಕಂಕಿ ಹಾಕಿದೆ. ಅದಕ್ಕೂ ಗಂಭೀರವಾಗಿ ಒಂದು ದಿನಾಂಕ ಕೊಟ್ಟಿತು. ಬೇಡ ಎನ್ನಲು ಬಾರದ ಯಂತ್ರದ ಹೌದಿಗೆ ನಾನು ಬೆಲೆ ಕೊಡುವುದಿಲ್ಲ.

ಬಾಗಿಲು ತೆರೆದದ್ದು ರಟ್ಟಿನ ಪೆಟ್ಟಿಗೆ. ಬ್ಯಾಚ್ ಸಂಖ್ಯೆ ಡಬ್ಬಿಯ ಮೇಲೂ ಹೊರಪೆಟ್ಟಿಗೆಯ ಮೇಲೂ ಇರಬೇಕು ಎಂಬುದು ನಿಯಮ. ಡಬ್ಬಿ ತೀರಾ ಚಿಕ್ಕದಾದರೆ ಪೆಟ್ಟಿಗೆಯ ಮೇಲೆ ಮಾತ್ರ ಇದ್ದರೂ ನಡೆಯುತ್ತದೆ. ಪೆಟ್ಟಿಗೆಯ ಮೇಲೆ ಏನೂ ಇಲ್ಲ ಎಂದು ಅವರು ಹೇಳಿದ್ದರು. ಮಸಿ ಇರಲಿಲ್ಲ, ನಿಜ. ಹತ್ತನೆಯ ದಿನ, ತಳದ ಮಡಿಕೆಯನ್ನು ಬಿಡಿಸಿ, ಕೋಣೆ ಕತ್ತಲು ಮಾಡಿ, ಟಾರ್ಚನ್ನು ರಟ್ಟಿಗೆ ತಾಗುವಷ್ಟು ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ ಎಂದು ಕೇಳಿಕೊಂಡೆ. ಬಂದ ಚಿತ್ರದಲ್ಲಿ ಮಸಿಯಿಲ್ಲದ ಒತ್ತಚ್ಚು ನೆರಳಿನಿಂದ ಎದ್ದು ನಿಂತಿತ್ತು, ಆದರೆ ಯಾವ ಭಾಷೆಯದೋ ಎಂಬಂತೆ. ಅವರು ಮಡಿಕೆಯ ಒಳಮೈಯನ್ನು ತೆಗೆದಿದ್ದರು, ಅಲ್ಲಿ ಬರಹ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಇದು ಅದೃಷ್ಟವೇ ಆಯಿತು. ಎಂಟನ್ನು ಕನ್ನಡಿಯಲ್ಲಿ ನೋಡಿದರೂ ಎಂಟೇ. ಇಲ್ಲಿದ್ದ ಅಂಕಿಯ ಬಾಯಿ ಬಲಕ್ಕೆ ತೆರೆದಿತ್ತು. ಚಿತ್ರ ತಿರುಗಿಸಿದೆ: L3127B. ಕೊನೆಯ ನಾಲ್ಕು ಗುರುತುಗಳು ಡಬ್ಬಿಯಲ್ಲಿ ಓದಿದ್ದಕ್ಕೆ ಹೊಂದಿದ್ದರಿಂದ ಬೇರೆ ಡಬ್ಬಿಯ ಪೆಟ್ಟಿಗೆ ಎಂಬ ಶಂಕೆಯೂ ಹೋಯಿತು.

ಉಳಿದದ್ದು ದಶಕ: 2003, 2013, 2023.

2003 ತೆರೆದ ಡಬ್ಬಿಯ ಚಿತ್ರಕ್ಕೇ ಬಿತ್ತು. ಆ ಚಿತ್ರವನ್ನು ತಂದ ತಿದ್ದುಪಡಿ 2003ರದೇ, ಆದರೆ ಚಿತ್ರ ಕಡ್ಡಾಯವಾದದ್ದು 2005ರ ಮಾರ್ಚ್ 11ರಿಂದ. ಕಾಯಿದೆಯ ಮಸಿ ಒಣಗುವ ಮುಂಚೆಯೇ ಪೆಟ್ಟಿಗೆ ಅಚ್ಚು ಮಾಡಿಸುವಷ್ಟು ಉತ್ಸಾಹಿ ತಯಾರಕರನ್ನು ನಾನು ಕಂಡಿಲ್ಲ.

2023ನ್ನು ಕಳೆಯಲು ಪದಾರ್ಥಗಳ ಪಟ್ಟಿ ಓದಬೇಕಾಯಿತು. ಕೊನೆಯ ಸಾಲಿನಲ್ಲಿ ಕ್ರೀಮ್ ಕೆಡದಂತೆ ಕಾಯುವ ಐಸೊಬ್ಯುಟೈಲ್‌ಪ್ಯಾರಾಬೆನ್ ಇತ್ತು. ಅದೂ ಅದರ ನಾಲ್ಕು ಸೋದರರೂ ಸೇರಿ ಐದು ಪ್ಯಾರಾಬೆನ್‌ಗಳನ್ನು ಒಕ್ಕೂಟ 2014ರಲ್ಲಿ ನಿಷೇಧಿಸಿತು; ಅಕ್ಟೋಬರ್ 30ರ ನಂತರ ಅವು ಇರುವ ಹೊಸ ಸರಕು ಮಾರುಕಟ್ಟೆಗೆ ಬರುವಂತಿರಲಿಲ್ಲ. ಒಕ್ಕೂಟದ ಮಾರುಕಟ್ಟೆಗೆಂದು ಮಾಡಿದ ಸರಕಿಗೆ ಮಾತ್ರ ಈ ವಾದ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು. ವಾರದ ಲೆಕ್ಕವನ್ನೂ ಹಾಕಿದೆ: 2023ರ ಮೇ 7 ಭಾನುವಾರ, 2013ರದು ಮಂಗಳವಾರ. ಭಾನುವಾರವೂ ಓಡುವ ಕಾರ್ಖಾನೆಗಳಿವೆ, ಹಾಗಾಗಿ ಇದನ್ನು ಸಾಕ್ಷಿ ಎನ್ನುವುದಿಲ್ಲ, ಪಿಸುಮಾತು ಎನ್ನೋಣ.

ಆಮೇಲೆ ಕಣ್ಣಿಗೆ ಬಿದ್ದದ್ದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತು. ಅದೇ ಪಟ್ಟಿಯಲ್ಲಿ ಬಿಸಿಲು ತಡೆಯುವ ಟೈಟಾನಿಯಮ್ ಡೈಆಕ್ಸೈಡ್ ಪಕ್ಕದಲ್ಲಿ ಕಂಸದೊಳಗೆ ‘ನ್ಯಾನೊ’ ಎಂದಿತ್ತು. ಹಾಗೆ ಬರೆಯುವುದು ಕಡ್ಡಾಯವಾದದ್ದು 2013ರ ಜುಲೈ 11ರಿಂದ. ಮೇ 7ಕ್ಕೆ ಇನ್ನೂ ಎರಡು ತಿಂಗಳಿತ್ತು, ಅಂದರೆ ಗಡುವಿಗೆ ಮೊದಲೇ ಹೊಸ ಪೆಟ್ಟಿಗೆ ಬಳಸತೊಡಗಿದ್ದರು. ನ್ಯಾನೊ ಎಂಬ ಪದ ಹೊಸದು, ಪ್ಯಾರಾಬೆನ್ ಹಳೆಯದು; ಎರಡೂ ಒಂದೇ ರಟ್ಟಿನ ಮೇಲೆ ಕೂಡಿರಬಹುದಾದ ಅವಧಿ ತೀರ ಕಿರಿದು.

ಹಾಗಾದರೆ 2013ರ ಮೇ 7. ಮೂವತ್ತು ತಿಂಗಳ ಕನಿಷ್ಠ ಲೆಕ್ಕದಲ್ಲಿ ಮುಚ್ಚಿಟ್ಟ ಡಬ್ಬಿಯ ಭರವಸೆ 2015ರ ನವೆಂಬರಿನವರೆಗೆ. ಅದಕ್ಕಿಂತ ಮುಂದೆ ಎಷ್ಟು ಎಂಬುದು ತಯಾರಕರ ಕಡತದಲ್ಲಿದೆ, ಫೋಟೊದಲ್ಲಿ ಇಲ್ಲ. ಡಬ್ಬಿ ಯಾವಾಗ ತೆರೆದರು ಎಂದು ಕೇಳಿದೆ. “ನಿಮ್ಮ ಫೋಟೊಗೆಂದೇ ಕಳೆದ ವಾರ” ಎಂದರು. “12M ಇದೆಯಲ್ಲ, ಇನ್ನೊಂದು ವರ್ಷ ಹಚ್ಚಬಹುದೇ?” ತೆರೆದ ದಿನದಿಂದ ಎಣಿಸುವ ಆ ಹನ್ನೆರಡು ತಿಂಗಳು, ಮುಚ್ಚಿದ್ದಾಗಲೇ ಮುಪ್ಪಾದ ಕ್ರೀಮಿಗೆ ಮರುಜನ್ಮ ಕೊಡುವುದಿಲ್ಲ, ಅದರಲ್ಲೂ ಬಿಸಿಲು ತಡೆಯುವ ಕ್ರೀಮನ್ನು ಇಷ್ಟು ವರ್ಷದ ಮೇಲೆ ನಂಬಬೇಡಿ, ಡಬ್ಬಿಯನ್ನು ಕಪಾಟಿನಲ್ಲಿಡಿ ಎಂದೆ. ಬೇಸರವಾಯಿತೆಂದು ಕಾಣುತ್ತದೆ.

ಮುಂದಿನ ಕೆಲಸ ಟ್ಯೂಬ್‌ಗಳದು. ಅವುಗಳ ಬಾಲದ ಬೆಸುಗೆಯಲ್ಲಿ ಕೋಡನ್ನು ಒತ್ತಿರುತ್ತಾರೆ, ಹೊಳೆಯುವ ಪ್ಲಾಸ್ಟಿಕ್ಕಿನಲ್ಲಿ ಫೋಟೊ ಹಿಡಿಯುವುದು ನರಕ. ಮೇಲೆ ತೆಳು ಕಾಗದವಿಟ್ಟು ಮೆತ್ತನೆಯ ಪೆನ್ಸಿಲ್ ಉಜ್ಜಿದರೆ ಅಕ್ಷರ ಮೂಡುತ್ತದೆ. ಎರಡು ಬಂದಿವೆ, ಮೂರನೆಯದರಲ್ಲಿ ಕಾಗದ ಹರಿದು ಟ್ಯೂಬಿನೊಳಗಿನದು ಮೇಜಿಗೆ ಬಂತು.

ಅದಕ್ಕೂ ಮುಂಚೆ ಒಂದು ಸಿಹಿ. ಅದೇ ಸಂಗ್ರಾಹಕಿ ನಿನ್ನೆ ಇನ್ನೊಂದು ಡಬ್ಬಿ ಕಳಿಸಿದ್ದಾರೆ, ಈ ಸಲ ಒರೆಸದೆ, ಓರೆ ಬೆಳಕಿನಲ್ಲಿ. ಕೋಡ್ L0366A. ವರ್ಷದ 366ನೆಯ ದಿನ, ಕೊನೆಯ ಅಂಕಿ ಸೊನ್ನೆ. 2010 ಅಧಿಕ ವರ್ಷವಲ್ಲ. ತೆರೆದ ಡಬ್ಬಿಯ ಚಿತ್ರವಿದೆ, ಆದ್ದರಿಂದ 2000 ಅಲ್ಲ. 2020ರ ಡಿಸೆಂಬರ್ 31. ನನಗೆ ಹಿಡಿದದ್ದು ನಾಲ್ಕು ನಿಮಿಷ, ಅದರಲ್ಲಿ ಎರಡು ಕನ್ನಡಕ ಹುಡುಕಲು.