ಶೇ 20ರ ಹಿಡಿತ: ಹೆಂಗಸರ ಸ್ನಾಯು ಹೆಚ್ಚು ಹೊತ್ತು ತಾಳುವುದೇಕೆ?

ಫಿಸಿಯೋಥೆರಪಿ ವಿಭಾಗದಲ್ಲಿ ಹಿಡಿತದ ಬಲ ಅಳೆಯುವವರಿಗೆ ಮತ್ತೆ ಮತ್ತೆ ಎದುರಾಗುವ ಫಲಿತಾಂಶವೊಂದಿದೆ. ಡೈನಮೋಮೀಟರ್‌ನಲ್ಲಿ ಗಂಡಸಿನ ಗರಿಷ್ಠ ಬಲ 48 ಕೆ.ಜಿ., ಹೆಂಗಸಿನದು 29 ಕೆ.ಜಿ. ಎಂದಿಟ್ಟುಕೊಳ್ಳಿ. ಇಬ್ಬರಿಗೂ ತಮ್ಮ ತಮ್ಮ ಬಲದ ಶೇ 20ರಷ್ಟನ್ನು ಬಿಡದೆ ಹಿಡಿದಿಡಲು ಹೇಳಿದರೆ ಗಂಡಸಿನ ಗುರಿ ಸುಮಾರು 9.6 ಕೆ.ಜಿ., ಹೆಂಗಸಿನದು 5.8 ಕೆ.ಜಿ. ಆಗುತ್ತದೆ. ಸಾಮಾನ್ಯವಾಗಿ ಮೊದಲು ಕೈಬಿಡುವುದು ಗಂಡಸು. ಅದೇ ಇಬ್ಬರಿಗೂ 9.6 ಕೆ.ಜಿ.ಯನ್ನೇ ಗುರಿಯಾಗಿ ಕೊಟ್ಟರೆ ಚಿತ್ರ ತಿರುಗುತ್ತದೆ: ಹೆಂಗಸಿಗೆ ಅದು ತನ್ನ ಬಲದ ಶೇ 33, ಹಾಗಾಗಿ ಬೇಗ ದಣಿಯುವವಳು ಅವಳೇ. ‘ಯಾರು ಹೆಚ್ಚು ತಾಳುತ್ತಾರೆ’ ಎಂದು ಕೇಳುವ ಮುನ್ನ ಭಾರವನ್ನು ಯಾವ ಲೆಕ್ಕದಲ್ಲಿ ಕೊಟ್ಟಿದ್ದೇವೆ ಎಂದು ನೋಡಿಕೊಳ್ಳಬೇಕು.

ಬಲದ ವ್ಯತ್ಯಾಸ ಬರುವುದು ಬಹುಮಟ್ಟಿಗೆ ಗಾತ್ರದಿಂದ. 1993ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಹೆಂಗಸರ ಬಲ ದೇಹದ ಮೇಲ್ಭಾಗದಲ್ಲಿ ಗಂಡಸರ ಸುಮಾರು ಶೇ 52, ಕೆಳಭಾಗದಲ್ಲಿ ಶೇ 66ರಷ್ಟಿತ್ತು. ನಾರುಗಳ ಸಂಖ್ಯೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಒಂದೊಂದು ನಾರಿನ ದಪ್ಪದಲ್ಲಿ ಕಂಡಿತು. ತೊಡೆಯ ಹೊರಬದಿಯ ಸ್ನಾಯುವಿನಿಂದ ತುಣುಕು ತೆಗೆದು ನೋಡಿದಾಗ ಇನ್ನೊಂದು ವಿವರ ಸಿಗುತ್ತದೆ. ಗಂಡಸರಲ್ಲಿ ಸಾಮಾನ್ಯವಾಗಿ ವೇಗದ ನಾರುಗಳು, ಅಂದರೆ ಟೈಪ್ 2ಎ, ಎಲ್ಲಕ್ಕಿಂತ ದಪ್ಪ. ಹೆಂಗಸರಲ್ಲಿ ನಿಧಾನದ ಟೈಪ್ 1 ನಾರುಗಳೇ ಅವಕ್ಕೆ ಸಮವಾಗಿ ಅಥವಾ ಅವಕ್ಕಿಂತ ದಪ್ಪವಾಗಿರುವುದು ಹೆಚ್ಚು. ಹಾಗಾಗಿ ಹೆಂಗಸರ ಆ ಸ್ನಾಯುವಿನಲ್ಲಿ ಟೈಪ್ 1ರ ಪಾಲು ದೊಡ್ಡದು. ಈ ಅಂತರ ಹಿಗ್ಗುವುದು ಪ್ರೌಢಾವಸ್ಥೆಯ ನಂತರ, ಗಂಡಸರಲ್ಲಿ ಟೆಸ್ಟೊಸ್ಟೆರೋನ್ ಹಲವು ಪಟ್ಟು ಏರಿದಾಗ.

ತಾಳಿಕೆಗೆ ಮಾತ್ರ ಒಂದೇ ಕಾರಣ ಸಾಲದು. ಬಿಡದೆ ಹಿಡಿದಿಟ್ಟಾಗ ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮುತ್ತದೆ. ಬಲ ಹೆಚ್ಚಿದ್ದಷ್ಟೂ ಒಳಗಿನ ಒತ್ತಡ ಹೆಚ್ಚು, ರಕ್ತದ ಹರಿವು ಕಡಿಮೆ. ಇದೇ ಮುಖ್ಯ ಕಾರಣವಾದರೆ, ಸಮಬಲದ ಗಂಡಸು ಮತ್ತು ಹೆಂಗಸನ್ನು ಆರಿಸಿ ಹೋಲಿಸಿದಾಗ ಅಂತರ ಅಳಿಯಬೇಕು. ಸತತ ಹಿಡಿತದಲ್ಲಿ ಅದು ನಿಜಕ್ಕೂ ಬಹುಪಾಲು ಅಳಿಯುತ್ತದೆ. ಆದರೆ 6 ಸೆಕೆಂಡು ಬಿಗಿದು 4 ಸೆಕೆಂಡು ಸಡಿಲಿಸುವ ಕ್ರಮದಲ್ಲಿ, ಶೇ 50ರ ಭಾರದಲ್ಲಿ, ಸಾಂಡ್ರಾ ಹಂಟರ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಮಬಲದ ಹೆಂಗಸರೇ ಹೆಚ್ಚು ಹೊತ್ತು ತಾಳಿದರು. ನಡುನಡುವೆ ಸಡಿಲಿಸಿದಾಗ ರಕ್ತ ಹರಿಯುತ್ತದೆ. ಹಾಗಿದ್ದೂ ಅಂತರ ಉಳಿಯಿತೆಂದರೆ ಸ್ನಾಯುವಿನೊಳಗೇ ಬೇರೆ ಕಾರಣವಿರಬೇಕು. ಟೈಪ್ 1ರ ಹೆಚ್ಚಿನ ಪಾಲು, ನಾರಿನ ಸುತ್ತ ದಟ್ಟವಾದ ಲೋಮನಾಳಗಳು, ಕೊಬ್ಬನ್ನು ಇಂಧನವಾಗಿ ಹೆಚ್ಚು ಬಳಸುವ ಗುಣ ಇಲ್ಲಿ ಕೆಲಸ ಮಾಡುತ್ತವೆ. ನಮ್ಮ ಕ್ಷೇತ್ರದಲ್ಲಿ ಬಹಳ ಮಂದಿ ಎಲ್ಲವನ್ನೂ ರಕ್ತದ ಹರಿವಿನ ತಲೆಗೇ ಕಟ್ಟುತ್ತಾರೆ. ಅದು ಅರ್ಧ ಉತ್ತರ. ಭಾರ ಶೇ 80ರ ಹತ್ತಿರ ಹೋದಾಗಲೂ ಚಲನೆ ವೇಗವಾದಾಗಲೂ ಈ ಅಂತರ ಬಹಳ ಕುಗ್ಗುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ.

ಪರೀಕ್ಷೆ ಎಡವುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ, ಗರಿಷ್ಠ ಬಲ ಅಳೆಯುವಾಗ. 29 ಕೆ.ಜಿ. ತಾಕತ್ತಿರುವವರು ಹಿಂಜರಿಕೆಯಿಂದಲೋ ನೋವಿನ ಭಯದಿಂದಲೋ 22 ಮಾತ್ರ ಒತ್ತಿದರೆ ಶೇ 20ರ ಗುರಿ 4.4 ಕೆ.ಜಿ.ಗೆ ಇಳಿಯುತ್ತದೆ. ಅದು ಅವರ ನಿಜವಾದ ಬಲದ ಶೇ 15 ಮಾತ್ರ. ಅವರು ಬಹಳ ಹೊತ್ತು ಹಿಡಿಯುತ್ತಾರೆ, ವರದಿಯಲ್ಲಿ ‘ತಾಳಿಕೆ ಉತ್ತಮ’ ಎಂದು ಬರುತ್ತದೆ. ಇದನ್ನು ತಡೆಯಲು ಕೂರಿಸಿ, ಮೊಣಕೈಯನ್ನು 90 ಡಿಗ್ರಿ ಮಡಿಸಿ, ತೋಳು ಮೈಗೆ ತಾಗಿರುವಂತೆ ಇಟ್ಟು, ಒಂದು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ಜೋರಾಗಿ ಹುರಿದುಂಬಿಸಿ ಒತ್ತಿಸಬೇಕು. ಮೂರು ಸಂಖ್ಯೆಗಳು ಒಂದಕ್ಕೊಂದು ಶೇ 10ಕ್ಕಿಂತ ಹೆಚ್ಚು ದೂರವಿದ್ದರೆ, ಅಥವಾ ಮೂರನೆಯದೇ ಅತಿ ಹೆಚ್ಚಾಗಿದ್ದರೆ ಇನ್ನೂ ಒಂದು ಸಲ ತೆಗೆಯಿರಿ. ಹಿಡಿಯ ಅಂತರವನ್ನೂ ನೋಡಿ: ಚಿಕ್ಕ ಕೈಗೆ ಅಗಲದ ಹಿಡಿ ಕೊಟ್ಟರೆ ಬೆರಳುಗಳಿಗೆ ಪೂರ್ತಿ ಬಲ ಸಿಗದು, ಮತ್ತೆ ಅದೇ ತಪ್ಪು ಲೆಕ್ಕ.

ವ್ಯಾಯಾಮ ಬರೆದುಕೊಡುವಾಗ ಇದನ್ನು ಹೀಗೆ ಬಳಸುತ್ತೇವೆ. ಮಧ್ಯಮ ಭಾರದ ಸೆಟ್‌ಗಳಲ್ಲಿ ಹೆಂಗಸರಿಗೆ ಅದೇ ಶೇಕಡಾವಾರು ಭಾರಕ್ಕೆ ಎರಡು ಮೂರು ಪುನರಾವರ್ತನೆ ಹೆಚ್ಚು ಕೊಟ್ಟು ನೋಡುತ್ತೇವೆ, ಅಥವಾ ವಿರಾಮ ತಗ್ಗಿಸುತ್ತೇವೆ. ಶೇ 80ರ ಮೇಲಿನ ಭಾರಕ್ಕೆ ಈ ಬದಲಾವಣೆ ಬೇಡ. ಕೆಲಸದ ಜಾಗದ ಸಲಹೆ ಬೇರೆಯೇ. 20 ಕೆ.ಜಿ. ಪೆಟ್ಟಿಗೆ ಎಲ್ಲರಿಗೂ 20 ಕೆ.ಜಿ.ಯೇ, ಅಲ್ಲಿ ಶೇಕಡಾವಾರು ತಾಳಿಕೆಯ ಅನುಕೂಲ ನೆರವಿಗೆ ಬರುವುದಿಲ್ಲ. ಆ ವ್ಯಕ್ತಿಗೆ ಅದು ಎಷ್ಟು ಶೇಕಡಾ ಎಂದು ಅಳೆದು, ಪೆಟ್ಟಿಗೆಯನ್ನೇ ಹಗುರ ಮಾಡಿಸುವುದು ಅಥವಾ ಸರದಿ ಬದಲಿಸುವುದು ಸರಿಯಾದ ದಾರಿ.