ಅವ್ವನ ಹೆಸರಿಗೆ ಬಂದ ಕೋರ್ಟ್ ನೋಟಿಸು

2024ರ ಜೂನ್ 11, ಮಂಗಳವಾರ. ನಾನು ದಾವಣಗೆರೆಲಿ ಕೆಲಸದಲ್ಲಿದ್ದೆ, ಮಧ್ಯಾಹ್ನ ಅವ್ವ ಫೋನ್ ಮಾಡಿ ಅಳ್ತಾನೇ ಶುರು ಮಾಡಿದ್ಲು, ಮನೆಗೆ ಕೋರ್ಟ್ ಅಮೀನ ಬಂದಾನೆ ಕಣಪ್ಪ, ನನ್ನ ಹೆಸರಿಗೆ ಕಾಗದ ತಂದಾನೆ, ಪೊಲೀಸ್ರು ಬರ್ತಾರಾ ಅಂತ. ಹಿಂದೆ ನಮ್ಮ ಚಿಕ್ಕಪ್ಪನ ದನಿ ಕೇಳ್ತಿತ್ತು, "ಅತ್ತಿಗೆ, ಸೈನ್ ಹಾಕ್ಬೇಡ, ತಗೊಂಡ್ರೆ ಸಿಗಾಕ್ಕೊಂಡಂಗೆ, ತಗಳ್ಳಿಲ್ಲ ಅಂದ್ರೆ ಕೇಸೇ ನಿಲ್ಲಲ್ಲ" ಅಂತ. ಅಮೀನ ಅವನಿಗೂ ಒಂದು ತಂದಿದ್ದ, ಅವನು ಮುಟ್ಲೇ ಇಲ್ಲ.

ನಾನು ಅವ್ವಂಗೆ ಸೈನ್ ಹಾಕಿ ತಗೋ ಅಂದೆ, ಆದ್ರೆ ಪಕ್ಕದಲ್ಲಿ ತಾರೀಕೂ ಬರಿ ಅಂತ ಹೇಳಿದೆ. ಆವತ್ತು ನಾನು ಹೇಳಿದ ಮಾತಲ್ಲಿ ಆ ತಾರೀಕಿನ ಮಾತೇ ಮುಂದೆ ಜಾಸ್ತಿ ಉಪಯೋಗಕ್ಕೆ ಬಂತು.

ಸಂಜೆ ಮಾಯಕೊಂಡ ಕಡೆ ನಮ್ಮೂರಿಗೆ ಹೋಗಿ ಕಾಗದ ಕೈಗೆ ತಗೊಂಡೆ. ಮೇಲೆ ಕೋರ್ಟ್ ಹೆಸರು, ದಾವಣಗೆರೆದು, ಯಾವ ನ್ಯಾಯಾಧೀಶರು ಅಂತ. ಅದರ ಕೆಳಗೆ ಓ.ಎಸ್. ಅಂತ ಇದ್ದು ಒಂದು ನಂಬರು, ಆಮೇಲೆ 2024. ಓ.ಎಸ್. ಅಂದ್ರೆ ಅಸಲು ದಾವೆ, ಸಿವಿಲ್ ಕೇಸು. ನೋಟಿಸ್ ಬಂತು ಅಂತ ಇದರಲ್ಲಿ ಯಾರನ್ನೂ ಹಿಡ್ಕೊಂಡು ಹೋಗಲ್ಲ, ಹಕ್ಕಿನ ವಿಚಾರ ಅಷ್ಟೇ. ಅದೇ ಜಾಗದಲ್ಲಿ ಸಿ.ಸಿ. ಅಂತ ಇದ್ದಿದ್ರೆ ಕ್ರಿಮಿನಲ್, ಆಗ ಹೋಗದಿದ್ರೆ ವಾರಂಟ್ ಬರೋ ದಾರಿ. ಅವ್ವಂಗೆ ಇಷ್ಟನ್ನ ಬಿಡಿಸಿ ಹೇಳಿದ ಮೇಲೇ ಅವ್ಳು ಊಟ ಮಾಡಿದ್ಲು. ಕಾಗದದ ಮೂಲೇಲಿರೋ ಈ ಎರಡಕ್ಷರಕ್ಕೆ ಒಂದು ಮನೆಯ ನಿದ್ದೆ ಕೆಡಿಸೋ ಶಕ್ತಿ ಐತೆ, ಅದನ್ನ ಯಾರೂ ಮೊದಲೇ ಹೇಳ್ಕೊಡಲ್ಲ ಅನ್ನೋದು ನನಗೆ ತುಂಬಾ ಬೇಜಾರು.

ವಾದಿ ನಮ್ಮ ಪಕ್ಕದ ಹೊಲದವರು. ಪ್ರತಿವಾದಿ 1 ಅವ್ವ, 2 ಚಿಕ್ಕಪ್ಪ. ತಮ್ಮ ಹೊಲಕ್ಕೆ ನಮ್ಮಿಬ್ಬರ ಹೊಲದ ಮೇಲೆ ಬಂಡಿ ದಾರಿ ಐತೆ, ಅದನ್ನ ಉತ್ತು ಮುಚ್ಚಾಕಿದ್ದಾರೆ, ಅಡ್ಡಿ ಮಾಡದಂಗೆ ಖಾಯಂ ಆಗಿ ತಡೀಬೇಕು ಅಂತ ಅವರ ದಾವೆ.

ನೋಟಿಸಲ್ಲಿ ಇನ್ನೊಂದು ಸಾಲಿತ್ತು, ಐ.ಎ. ನಂಬರ್ 1, ಆರ್ಡರ್ 39 ರೂಲ್ 1 ಮತ್ತು 2. ಆರ್ಡರ್, ರೂಲ್ ಅಂದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ನಿಯಮಗಳು. ಐ.ಎ. ಅಂದ್ರೆ ದಾವೆ ಒಳಗಿನ ಇನ್ನೊಂದು ಅರ್ಜಿ, ಕೇಸು ಮುಗಿಯೋ ತನಕ ತಾತ್ಕಾಲಿಕ ತಡೆಯಾಜ್ಞೆ ಕೊಡಿ ಅಂತ. ಅಂದ್ರೆ ನಮ್ಮ ಕೈಯಲ್ಲಿ ಇದ್ದದ್ದು ಒಂದು ಕಾಗದ ಆದ್ರೂ ಉತ್ತರ ಎರಡಕ್ಕೆ ಕೊಡ್ಬೇಕು, ಐ.ಎ.ಗೆ ಒಂದು ತಕರಾರು, ಇಡೀ ದಾವೆಗೆ ಬೇರೆ ಲಿಖಿತ ಹೇಳಿಕೆ. ಅವ್ವ ಅಂತೂ ಕೋರ್ಟ್ ತಡೆ ಕೊಟ್ಟೈತೆ ಇನ್ನ ಹೊಲಕ್ಕೆ ಕಾಲಿಡಂಗಿಲ್ಲ ಅಂದ್ಕೊಂಡಿದ್ಲು, ಮೆಕ್ಕೆಜೋಳ ಬಿತ್ತೋ ಟೈಮು ಬೇರೆ. ನಾನು ಒಂದೊಂದೇ ಸಾಲು ಓದಿದೆ. "ತಡೆಯಾಜ್ಞೆ ಯಾಕೆ ಕೊಡಬಾರದು ಅಂತ ಹಾಜರಾಗಿ ಹೇಳಿ" ಅನ್ನೋ ಅರ್ಥದಲ್ಲಿ ಇತ್ತು, ಕೊಟ್ಟಿದೀವಿ ಅಂತ ಇರ್ಲಿಲ್ಲ, ಆದೇಶದ ಪ್ರತಿನೂ ಲಗತ್ತಿರ್ಲಿಲ್ಲ. ಆದೇಶ ಆಗಿದ್ರೆ ಅದನ್ನ ಮೀರಂಗಿಲ್ಲ, ಬರೀ ನೋಟಿಸಾದ್ರೆ ಇನ್ನೂ ಏನೂ ತೀರ್ಮಾನ ಆಗಿಲ್ಲ ಅಂತ.

ಹಾಜರಾಗೋ ತಾರೀಕು 28-06-2024, ಬೆಳಿಗ್ಗೆ 11. ಹದಿನೇಳು ದಿನ ಐತಲ್ಲ, ಆವತ್ತು ಹೋದ್ರಾಯ್ತು ಅಂತ ನಾನೂ ಅಂದ್ಕೊಂಡೆ. ಆದ್ರೂ ಖಾತ್ರಿಗೆ ಮೊಬೈಲಲ್ಲಿ services.ecourts.gov.in ತೆಗೆದು, ಜಿಲ್ಲೆ, ಕೋರ್ಟ್ ಆರಿಸಿ, ಕೇಸ್ ನಮೂನೆ, ನಂಬರು, ವರ್ಷ ಹಾಕಿದೆ. `Next Hearing Date` ಅದೇ 28 ತೋರಿಸ್ತು. ಅಲ್ಲೇ ಹದಿನಾರು ಅಕ್ಷರದ `CNR Number` ಬರುತ್ತೆ, ಅದನ್ನ ಬರ್ಕೊಂಡೆ, ಮುಂದೆ ವಾಯ್ದೆ ಬದಲಾದ್ರೆ ಅದೊಂದು ಹಾಕಿದ್ರೆ ಸಾಕು.

ಮಾರನೇ ದಿನ ಅವ್ವನ್ನ ಕರ್ಕೊಂಡು ದಾವಣಗೆರೆ ಕೋರ್ಟಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಹೋದೆ. ಹೆಂಗಸರಿಗೆ ಆದಾಯ ಎಷ್ಟಿದ್ರೂ ಉಚಿತವಾಗಿ ವಕೀಲರನ್ನ ಕೊಡ್ತಾರೆ, 1987ರ ಕಾಯ್ದೇಲೇ ಐತೆ. ಅರ್ಜಿ ಬರೆದು, ಆಧಾರ್, ನೋಟಿಸ್ ಜೆರಾಕ್ಸ್ ಕೊಟ್ವಿ. ಕೆಲವು ದಿನ ಬಿಟ್ಟು ಒಬ್ಬ ವಕೀಲ್ ಮೇಡಂ ನೇಮಕ ಆದ್ರು.

ಮೇಡಂ ಕಾಗದ ನೋಡಿ ಮೊದಲು ಕೇಳಿದ್ದು ವಾಯ್ದೆ ಯಾವಾಗ ಅಂತ ಅಲ್ಲ. "ಅಮ್ಮಾ, ಇದು ನಿಮ್ಮ ಕೈಗೆ ಯಾವತ್ತು ಬಂತು?"

ಆಮೇಲೆ ಅವರು ಹೇಳಿದ್ದು ಇಷ್ಟು. 28ನೇ ತಾರೀಕು ಬರೀ ನಾವು ಬಂದಿದೀವಿ ಅಂತ ತೋರಿಸೋ ದಿನ. ಲಿಖಿತ ಹೇಳಿಕೆಗೆ 30 ದಿನ ಐತೆ, ಅದು ಸಮನ್ಸ್, ಅಂದ್ರೆ ಅಮೀನ ತಂದ ಈ ಕಾಗದ, ಕೈಗೆ ಸಿಕ್ಕ ದಿನದಿಂದ ಓಡುತ್ತೆ, ವಾಯ್ದೆಯಿಂದ ಅಲ್ಲ. ಜೂನ್ 11ಕ್ಕೆ ಬಂದಿದ್ರೆ ಜುಲೈ 11ಕ್ಕೆ ಮುಗೀತು. ಕಾರಣ ತೋರಿಸಿ ಕೇಳಿದ್ರೆ ಕೋರ್ಟ್ ಮುಂದಕ್ಕೆ ಕೊಡಬಹುದು, ಹೆಚ್ಚಂದ್ರೆ 90 ದಿನದ ತನಕ, ನಮ್ಮ ಲೆಕ್ಕಕ್ಕೆ ಸೆಪ್ಟೆಂಬರ್ 9, ಗಣಪತಿ ಹಬ್ಬ ಆಗಿ ಎರಡು ದಿನಕ್ಕೆ. "ಆದ್ರೆ ಅದನ್ನ ನಂಬ್ಕೊಂಡು ಕೂತ್ಕೋಬೇಡಿ, ಕೊಡಲೇಬೇಕು ಅಂತೇನಿಲ್ಲ" ಅಂದ್ರು. ನಾನು 28ಕ್ಕೆ ವಕೀಲರನ್ನ ಹುಡುಕೋಕೆ ಶುರು ಮಾಡಿದ್ರೆ ಉಳೀತಿದ್ದದ್ದು ಹದಿಮೂರು ದಿನ, ಅಷ್ಟರಲ್ಲಿ ಪಹಣಿ, ಗ್ರಾಮ ನಕ್ಷೆ ಎಲ್ಲ ತರಬೇಕಿತ್ತು. ನಕ್ಷೆ ಯಾಕಂದ್ರೆ ಹಳೇ ಬಂಡಿ ದಾರಿ ಇದ್ರೆ ಅದರಲ್ಲಿ ಕಾಣುತ್ತೆ, ವಾದ ಅಲ್ಲೇ ಅರ್ಧ ನಿಲ್ಲುತ್ತೆ ಅಥವಾ ಬೀಳುತ್ತೆ.

ಇನ್ನೊಂದನ್ನೂ ಗಮನಿಸಿದ್ರು. ಸಮನ್ಸ್ ಜೊತೆ ದಾವೆ ಪ್ರತಿ ಇರಲೇಬೇಕು, ನಮಗೆ ಬಂದಿತ್ತು, ಆದ್ರೆ ಅದರಲ್ಲಿ ಷೆಡ್ಯೂಲ್ ಇರೋ ಕೊನೇ ಹಾಳೆ ಇರ್ಲಿಲ್ಲ. ಯಾವ ಸರ್ವೆ ನಂಬರು, ಯಾವ ಚಕ್ಕುಬಂದಿ ಅಂತ ಇರೋದೇ ಅದರಲ್ಲಿ. ಎದುರಿನ ವಕೀಲರ ಹತ್ರ ಕೇಳಿ ತರಿಸ್ಕೊಂಡ್ರು.

ಜೂನ್ 28, ಶುಕ್ರವಾರ. ಹೊರಗೆ ಹಚ್ಚಿದ ಲಿಸ್ಟಲ್ಲಿ ನಮ್ಮ ನಂಬರು ನೋಡ್ಕೊಂಡು ಹಾಲಲ್ಲಿ ಕೂತ್ವಿ. ಹೆಸರು ಕೂಗಿದಾಗ ಅವ್ವ ಎದ್ದು ಕೈ ಮುಗಿದು ನಿಂತ್ಲು, ಮೇಡಂ ವಕಾಲತ್ತು ಕೊಟ್ಟು ತಕರಾರಿಗೆ ಟೈಮ್ ಕೇಳಿದ್ರು, ಜುಲೈ 9ಕ್ಕೆ ಹೋಯ್ತು. ಎರಡು ನಿಮಿಷನೂ ಆಗ್ಲಿಲ್ಲ.

ಆಮೇಲೆ ಚಿಕ್ಕಪ್ಪನ ಹೆಸರು ಕೂಗಿದ್ರು. ಮೂರು ಸಲ. ಯಾರೂ ಇಲ್ಲ. ಅಮೀನ ವರದಿ ಕೊಟ್ಟಿದ್ದ, ತಗೊಳ್ಳೋಕೆ ನಿರಾಕರಿಸಿದ್ರು, ಮನೆ ಬಾಗಿಲಿಗೆ ಅಂಟಿಸಿದೀನಿ ಅಂತ. ಬೇಡ ಅಂದ್ರೂ ಜಾರಿ ಆದಂಗೇ ಲೆಕ್ಕ, ಕೋರ್ಟ್ ಅದನ್ನ ಒಪ್ಕೊಂಡು ಅವನನ್ನ ಏಕಪಕ್ಷೀಯ ಅಂತ ಇಟ್ಬಿಡ್ತು. ಅಂದ್ರೆ ಅವನ ಮಾತು ಕೇಳದೇ ಕೇಸು ಮುಂದೆ ಹೋಗುತ್ತೆ. ಅವ್ವ ನನ್ನ ಕೈ ಗಟ್ಟಿ ಹಿಡ್ಕೊಂಡ್ಲು.

ಆವತ್ತು ರಾತ್ರಿ ಚಿಕ್ಕಪ್ಪನ ಮನೆಗೆ ಹೋಗಿ ಹೇಳಿದೆ. ಸಿಟ್ಟು ಮಾಡ್ಕೊಂಡ, ಆಮೇಲೆ ಸುಮ್ನಾದ, ಆಮೇಲೆ "ಈಗ ಏನ್ ಮಾಡೋದು ಹೇಳಪ್ಪ" ಅಂದ. ತೀರ್ಪು ಬರೋಕೆ ಮುಂಚೆ ಆದ್ರೆ ಆರ್ಡರ್ 9 ರೂಲ್ 7ರಲ್ಲಿ, ಬರದೇ ಇದ್ದದ್ದಕ್ಕೆ ಸರಿಯಾದ ಕಾರಣ ಹೇಳಿ, ಆ ಆದೇಶ ತೆಗೀರಿ ಅಂತ ಅರ್ಜಿ ಹಾಕ್ಬಹುದು. ಡಿಕ್ರಿ ಆದ್ಮೇಲಾದ್ರೆ ದಾರಿ ಬೇರೆ, ರೂಲ್ 13, ಅದಕ್ಕೆ 30 ದಿನದ ಗಡುವು, ಕಷ್ಟನೂ ಜಾಸ್ತಿ. ಅವನು ತನ್ನ ದುಡ್ಡಲ್ಲೇ ಬೇರೆ ವಕೀಲರನ್ನ ಇಟ್ಟು ಜುಲೈ 9ಕ್ಕೆ ಅರ್ಜಿ ಹಾಕಿಸಿದ. ಎದುರಿನವರು ಆಕ್ಷೇಪಣೆ ಹಾಕಿದ್ರು, ಅದಕ್ಕೇ ಎರಡು ವಾಯ್ದೆ ಹೋಯ್ತು, ಕೊನೆಗೆ ಕೋರ್ಟ್ ಚಿಕ್ಕಪ್ಪನ ಮೇಲೆ 500 ರೂಪಾಯಿ ಖರ್ಚು ಹಾಕಿ ಅರ್ಜಿ ಒಪ್ಕೊಳ್ತು.

ನಮ್ಮ ಲಿಖಿತ ಹೇಳಿಕೆ, ಐ.ಎ. ತಕರಾರು ಎರಡೂ ಅದೇ ಜುಲೈ 9ಕ್ಕೆ ಸೇರಿದ್ವು, 30 ದಿನಕ್ಕೆ ಇನ್ನೂ ಎರಡು ದಿನ ಇರೋವಾಗಲೇ. ಮೆಕ್ಕೆಜೋಳನೂ ಬಿತ್ತಿದ್ವಿ, ಬಂಡಿ ದಾರಿ ಅಂತ ಅವರು ಹೇಳೋ ಆ ಸಾಲೊಂದನ್ನ ಮಾತ್ರ ಮೇಡಂ ಹೇಳಿದಂಗೆ ಖಾಲಿ ಬಿಟ್ಟು.